ಅಡ್ಡಗಾಳಿ ಮತ್ತು ಲಾರಿ ಗಾಳಿ: ಹೆದ್ದಾರಿಯಲ್ಲಿ ಸಣ್ಣ ಬೈಕ್ ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು 100ರಿಂದ 125 ಸಿಸಿ ಬೈಕ್ ಓಡಿಸುವವರಿಗೆ ಬರೆದಿದ್ದು. ಶಿವಮೊಗ್ಗ, ಸಾಗರ, ಭದ್ರಾವತಿ, ಹೊನ್ನಾಳಿ ಕಡೆ ದಿನಾ ಓಡಾಡುವವರು ಕೇಳುವ ಪ್ರಶ್ನೆಗಳೇ ಇಲ್ಲಿ ಜಾಸ್ತಿ. ಘಾಟಿ ರಸ್ತೆಯ ತಿರುವುಗಳ ವಿಷಯಕ್ಕೆ ಹೋಗಿಲ್ಲ. ಘಾಟಿಯಲ್ಲಿ ವೇಗ ಕಡಿಮೆ, ಮರ ಜಾಸ್ತಿ. ಗಾಳಿ ತೊಂದರೆ ಕೊಡುವುದು ಬಯಲಿನ ನೇರ ರಸ್ತೆಯಲ್ಲಿ.

ಲಾರಿ ಪಕ್ಕದಲ್ಲಿ ಹೋದಾಗ ಬೈಕ್ ಯಾಕೆ ಎಳೆದಂತಾಗುತ್ತದೆ? ಒಮ್ಮೆ ತಳ್ಳುತ್ತದೆ, ಒಮ್ಮೆ ಎಳೆಯುತ್ತದೆ.

ಎರಡೂ ನಿಜ, ಎರಡೂ ಒಂದೇ ಲಾರಿಯಿಂದ ಆಗುವುದು. ಲಾರಿಯ ಮುಖ ಚಪ್ಪಟೆ. ಓಡುವಾಗ ಅದು ಮುಂದಿನ ಗಾಳಿಯನ್ನು ಒತ್ತಿ ಎರಡೂ ಬದಿಗೆ ತಳ್ಳುತ್ತದೆ. ಮೂತಿಯ ಹತ್ತಿರ ನೀವಿದ್ದರೆ ಆ ಗಾಳಿ ನಿಮ್ಮನ್ನು ಹೊರಕ್ಕೆ ನೂಕುತ್ತದೆ. ಬಾಡಿಯ ಪಕ್ಕದಲ್ಲಿ ಗಾಳಿ ಜೋರಾಗಿ ಹರಿಯುತ್ತದೆ, ಅಲ್ಲಿ ಒತ್ತಡ ಕಡಿಮೆ, ಹಾಗಾಗಿ ಬೈಕ್ ಲಾರಿ ಕಡೆಗೆ ಸರಿಯುತ್ತದೆ. ಲಾರಿಯ ಹಿಂದೆ ಗಾಳಿಗೆ ದಿಕ್ಕೇ ಇರುವುದಿಲ್ಲ, ಸುಳಿ ಸುಳಿಯಾಗಿ ಹೆಲ್ಮೆಟ್ಟನ್ನು ಅಲ್ಲಾಡಿಸುತ್ತದೆ.

ಅಂದರೆ ಮೂತಿಯಲ್ಲಿ ನೂಕು, ಪಕ್ಕದಲ್ಲಿ ಎಳೆತ, ಹಿಂದೆ ಸುಳಿ. ಈ ಮೂರು ಯಾವ ಕ್ರಮದಲ್ಲಿ ಬರುತ್ತವೆ ಎನ್ನುವುದು ನೀವು ಲಾರಿಯನ್ನು ದಾಟುತ್ತಿದ್ದೀರಾ, ಲಾರಿ ನಿಮ್ಮನ್ನು ದಾಟುತ್ತಿದೆಯಾ, ಅಥವಾ ಎದುರಿಗೆ ಬರುತ್ತಿದೆಯಾ ಎನ್ನುವುದರ ಮೇಲೆ ಹೋಗುತ್ತದೆ. ಕ್ರಮ ಮೊದಲೇ ಗೊತ್ತಿದ್ದರೆ ಕೈ ಗಾಬರಿಯಾಗುವುದಿಲ್ಲ.

ಎಲ್ಲ ಲಾರಿಗಳೂ ಒಂದೇ ಥರಾನಾ?

ಅಲ್ಲ. ಕಂಟೇನರ್ ಲಾರಿ ಮತ್ತು ದೊಡ್ಡ ಬಸ್ಸಿನ ನೂಕು ಜೋರು, ಯಾಕೆಂದರೆ ಮುಖ ಎತ್ತರ, ಚಪ್ಪಟೆ. ಟ್ಯಾಂಕರ್‌ನ ಮೈ ಗುಂಡಗಿರುವುದರಿಂದ ಪಕ್ಕದ ಗಾಳಿ ಸ್ವಲ್ಪ ಮೆದು. ಖಾಲಿ ಓಪನ್ ಬಾಡಿ ಲಾರಿಯ ಹಿಂದೆ ಸುಳಿ ಜಾಸ್ತಿ. ಹುಲ್ಲು ತುಂಬಿದ ಲಾರಿಯ ವಿಷಯ ಬೇರೆ. ಅದರ ಲೋಡು ಬಾಡಿಯಿಂದ ಹೊರಗೆ ಚಾಚಿರುತ್ತದೆ, ಹಾಗಾಗಿ ಕನ್ನಡಿಯಲ್ಲಿ ಡ್ರೈವರ್‌ಗೆ ನೀವು ಕಾಣುವುದೇ ಅನುಮಾನ. ಟಾರ್ಪಾಲಿನ ಹಗ್ಗ ಬಿಚ್ಚಿ ಪಟಪಟ ಹೊಡೆಯುತ್ತಿದ್ದರೆ ಆ ಲಾರಿಯ ಪಕ್ಕಕ್ಕೇ ಹೋಗಬೇಡಿ.

ನನ್ನ ಬೈಕ್ 110 ಕೆ.ಜಿ. ಅಷ್ಟೇ. ಗಾಳಿಗೆ ನಿಜವಾಗಿ ಎಷ್ಟು ಅಲ್ಲಾಡುತ್ತದೆ?

ಲೆಕ್ಕ ಹಾಕಿಯೇ ನೋಡೋಣ. ಬೈಕ್ 110 ಕೆ.ಜಿ., ನೀವು 65 ಕೆ.ಜಿ., ಒಟ್ಟು 175. ವೇಗ ಗಂಟೆಗೆ 60 ಕಿ.ಮೀ. ಪಕ್ಕದಿಂದ ಗಂಟೆಗೆ 36 ಕಿ.ಮೀ. ವೇಗದಲ್ಲಿ ಗಾಳಿ. ನಿಮ್ಮ ಓಟದ ಗಾಳಿ ಮತ್ತು ಅಡ್ಡಗಾಳಿ ಸೇರಿ ಓರೆಯಾಗಿ ಬಂದು ಬಡಿಯುತ್ತವೆ. ಬೈಕ್ ಮತ್ತು ಸವಾರನ ಪಕ್ಕದ ಅಗಲ ಲೆಕ್ಕಕ್ಕೆ ಹಿಡಿದರೆ ಪಕ್ಕಕ್ಕೆ ತಳ್ಳುವ ಬಲ ಹತ್ತಿರ ಹತ್ತಿರ 11 ಕೆ.ಜಿ. ಬರುತ್ತದೆ. ಇದು ಅಂದಾಜು, ಬೈಕಿನ ಆಕಾರ ಮತ್ತು ನಿಮ್ಮ ಬಟ್ಟೆಯ ಮೇಲೆ ಹೆಚ್ಚುಕಮ್ಮಿ ಆಗುತ್ತದೆ.

ಈ ನೂಕನ್ನು ತಡೆದು ನೇರ ಹೋಗಬೇಕಾದರೆ ಬೈಕ್ ಗಾಳಿ ಬರುವ ಕಡೆಗೆ ಸುಮಾರು 4 ಡಿಗ್ರಿ ವಾಲಿರಬೇಕು. ಅದೇ ಗಾಳಿಗೆ 200 ಕೆ.ಜಿ. ಬೈಕ್ ಆಗಿದ್ದರೆ ಎರಡೂವರೆ ಡಿಗ್ರಿ ಸಾಕಿತ್ತು. 4 ಡಿಗ್ರಿ ವಾಲುವುದು ದೊಡ್ಡ ವಿಷಯ ಅಲ್ಲ, ಸಣ್ಣ ತಿರುವಿನಲ್ಲಿ ಇದಕ್ಕಿಂತ ಜಾಸ್ತಿ ವಾಲುತ್ತೀರಿ. ಒಂದೇ ಸಮ ಬೀಸುವ ಗಾಳಿಗೆ ಬೈಕ್ ತಾನೇ ಹೊಂದಿಕೊಳ್ಳುತ್ತದೆ, ನೀವು ಗಮನಿಸದೆಯೂ ವಾಲಿಕೊಂಡು ಹೋಗುತ್ತಿರುತ್ತೀರಿ. ತೊಂದರೆ ಆಗುವುದು ಆ 11 ಕೆ.ಜಿ. ಒಮ್ಮೆಲೇ ಬಂದಾಗ, ಇಲ್ಲವೇ ಒಮ್ಮೆಲೇ ಹೋದಾಗ. ಸರಿಪಡಿಸಲು ಒಂದು ಸೆಕೆಂಡ್ ತಡವಾದರೆ ಒಂದು ಅಡಿಯಷ್ಟು, ಒಂದೂವರೆ ಸೆಕೆಂಡ್ ತಡವಾದರೆ ಎರಡು ಅಡಿಗೂ ಮೀರಿ ಪಕ್ಕಕ್ಕೆ ಸರಿದಿರುತ್ತೀರಿ.

ಗಾಳಿ ನಿಂತರೆ ಒಳ್ಳೆಯದೇ ಅಲ್ವಾ?

ಇಲ್ಲಿಯೇ ಬಹಳ ಜನ ಎಡವುವುದು. ಗಾಳಿಗೆ ಎದುರಾಗಿ ವಾಲಿಕೊಂಡು ಹೋಗುತ್ತಿದ್ದೀರಿ. ಗಾಳಿ ಫಕ್ಕನೆ ನಿಂತಿತು. ವಾಲಿದ್ದು ಮಾತ್ರ ಹಾಗೇ ಇದೆ. ಈಗ ಬೈಕ್ ಗಾಳಿ ಬರುತ್ತಿದ್ದ ಕಡೆಗೇ ನುಗ್ಗುತ್ತದೆ. ತೋಳು ಊರಿಕೊಂಡಿದ್ದ ಬಾಗಿಲನ್ನು ಒಳಗಿನಿಂದ ಯಾರೋ ತೆಗೆದಂತೆ.

ಗಾಳಿಯನ್ನು ಹಾಗೆ ಫಕ್ಕನೆ ನಿಲ್ಲಿಸುವಂಥವು ನಮ್ಮ ರಸ್ತೆಯಲ್ಲಿ ಏನೇನಿವೆ? ಅಡಿಕೆ ತೋಟ, ಅಕೇಶಿಯಾ ನೆಡುತೋಪು, ಗುಡ್ಡ ಕಡಿದು ಮಾಡಿದ ರಸ್ತೆಯ ದರೆ, ಮತ್ತು ಲಾರಿ. ತೋಟ, ದರೆ ಇದ್ದ ಕಡೆಯೇ ಇರುತ್ತವೆ, ದೂರದಿಂದ ಕಾಣುತ್ತವೆ. ಲಾರಿ ಓಡುವ ಗೋಡೆ. ಅದು ಗಾಳಿಯನ್ನು ತಡೆದು ಮತ್ತೆ ಬಿಡುತ್ತದೆ, ಜೊತೆಗೆ ತನ್ನದೇ ಗಾಳಿಯನ್ನೂ ಸೇರಿಸುತ್ತದೆ.

ಅಡ್ಡಗಾಳಿ ಇರುವಾಗ ಲಾರಿ ಓವರ್‌ಟೇಕ್ ಮಾಡುವುದು ಹೇಗೆ? ಹಂತ ಹಂತವಾಗಿ ಹೇಳಿ.

ಜುಲೈ ತಿಂಗಳು, ಮಧ್ಯಾಹ್ನ, ಮಳೆ ಸ್ವಲ್ಪ ಬಿಟ್ಟಿದೆ. ನೀವು ಶಿವಮೊಗ್ಗದಿಂದ ಹೊನ್ನಾಳಿ ಕಡೆಗೆ, ಅಂದರೆ ಉತ್ತರಕ್ಕೆ ಹೋಗುತ್ತಿದ್ದೀರಿ. ಎರಡೂ ಕಡೆ ಗದ್ದೆ ಬಯಲು. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತಿದೆ, ಅಂದರೆ ನಿಮ್ಮ ಎಡಗಡೆಯಿಂದ. ಬೈಕ್ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಇದೆ. ಮುಂದೆ ಒಂದು ಲಾರಿ 50ರಲ್ಲಿ ಹೋಗುತ್ತಿದೆ, ನಿಮ್ಮ ಬೈಕ್ 65ಕ್ಕೆ ಏರಬಲ್ಲದು. ರಸ್ತೆ ಎರಡೇ ಪಥದ್ದು ಅಂದುಕೊಳ್ಳಿ.

ಮೊದಲು ದೂರದ ಲೆಕ್ಕ. ಲಾರಿಯ ಹಿಂದೆ 15 ಮೀಟರ್‌ನಿಂದ ಹೊರಟು, 10 ಮೀಟರ್ ಲಾರಿ ದಾಟಿ, ಮುಂದೆ 15 ಮೀಟರ್ ಬಿಟ್ಟು ಒಳಗೆ ಬರಬೇಕು. ಒಟ್ಟು 40 ಮೀಟರ್. ವೇಗದ ವ್ಯತ್ಯಾಸ 15 ಕಿ.ಮೀ., ಅಂದರೆ ಸೆಕೆಂಡಿಗೆ ನಾಲ್ಕು ಮೀಟರ್ ಚಿಲ್ಲರೆ. ಹತ್ತು ಸೆಕೆಂಡ್ ಹತ್ತಿರ ಬೇಕು. ಆ ಹತ್ತು ಸೆಕೆಂಡಿನಲ್ಲಿ ನೀವು 175 ಮೀಟರ್‌ನಷ್ಟು ಮುಂದೆ ಹೋಗಿರುತ್ತೀರಿ. ಎದುರಿನಿಂದ 60ರಲ್ಲಿ ಬರುವ ಗಾಡಿ 160 ಮೀಟರ್ ಬಂದಿರುತ್ತದೆ. ಹಾಗಾಗಿ ಕಡಿಮೆ ಎಂದರೂ 350 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣಬೇಕು. ಗಾಳಿ ಇರುವ ದಿನ ನಾನು 500ಕ್ಕಿಂತ ಕಡಿಮೆ ಕಂಡರೆ ಹಿಂದೆಯೇ ಇರುತ್ತೇನೆ. ಸಣ್ಣ ಬೈಕಿಗೆ ಎದುರುಗಾಳಿ ಸ್ವಲ್ಪ ಸೇರಿದರೂ 65 ಎನ್ನುವುದು 60ಕ್ಕೆ ಇಳಿಯುತ್ತದೆ, ಹತ್ತು ಸೆಕೆಂಡ್ ಹದಿನೈದಾಗುತ್ತದೆ.

ಈಗ ಗಾಳಿ. ಲಾರಿಯ ಹಿಂದೆ ಸೇರಿಕೊಂಡಾಗ ಎದುರುಗಾಳಿ ಕಡಿಮೆಯಾಗಿ ಬೈಕ್ ತಾನೇ ಮುಂದೆ ಎಳೆದಂತೆ ಓಡುತ್ತದೆ. ಬಹಳ ಜನಕ್ಕೆ ಇದು ಇಷ್ಟ, ಪೆಟ್ರೋಲ್ ಉಳಿಯುತ್ತದೆ ಅಂತ ಅಂಟಿಕೊಂಡೇ ಹೋಗುವವರಿದ್ದಾರೆ. ಆದರೆ ಅಲ್ಲಿಂದ ರಸ್ತೆಯ ಗುಂಡಿ ಕಾಣುವುದಿಲ್ಲ, ಎದುರು ಬರುವುದೂ ಕಾಣುವುದಿಲ್ಲ. 15 ಮೀಟರ್ ಹಿಂದೆಯೇ ಇದ್ದು, ಅಲ್ಲಿಂದಲೇ ವೇಗ ತೆಗೆದುಕೊಂಡು ಬಲಕ್ಕೆ ಬನ್ನಿ.

ಲಾರಿಯ ಬಲಕ್ಕೆ ಬಂದ ಕೂಡಲೇ ಎಡದ ಗಾಳಿ ನಿಲ್ಲುತ್ತದೆ. ನೀವು ಎಡಕ್ಕೆ ವಾಲಿದ್ದೀರಿ, ಜೊತೆಗೆ ಲಾರಿಯ ಬಾಡಿಯೂ ಎಡಕ್ಕೆ ಎಳೆಯುತ್ತದೆ. ಎರಡೂ ಒಂದೇ ಕಡೆಗೆ, ಲಾರಿಯ ಚಕ್ರದ ಕಡೆಗೆ. ಅದಕ್ಕೇ ಪಕ್ಕದಲ್ಲಿ ಒಂದೂವರೆಯಿಂದ ಎರಡು ಮೀಟರ್ ಜಾಗ ಬಿಡಿ. ಬೈಕ್ ನೇರವಾಗಲು ಬಿಡಿ, ಬಲಗೈಯಿಂದ ಬಲ ಹಿಡಿಯನ್ನು ಸಣ್ಣಗೆ ಮುಂದಕ್ಕೆ ಒತ್ತಿದರೆ ಸಾಕು.

ಬಾಡಿಯ ಪಕ್ಕದಲ್ಲಿ ಎರಡು ಮೂರು ಸೆಕೆಂಡ್ ಬಹಳ ಶಾಂತ. ಗಾಳಿಯೇ ಇಲ್ಲ ಅನ್ನಿಸುತ್ತದೆ. ಇಲ್ಲಿ ಕೈ ಸಡಿಲ ಬಿಟ್ಟು ಲಾರಿಗೆ ಹತ್ತಿರ ಸರಿಯುವವರೇ ಜಾಸ್ತಿ. ಮುಂದೆ ಬರುವುದು ಇಡೀ ಓವರ್‌ಟೇಕ್‌ನ ಕಷ್ಟದ ಜಾಗ.

ಕ್ಯಾಬಿನ್ ದಾಟುವಾಗ ಲಾರಿ ಮೂತಿಯ ನೂಕು ನಿಮ್ಮನ್ನು ಬಲಕ್ಕೆ ತಳ್ಳುತ್ತದೆ. ಅದೇ ಕ್ಷಣಕ್ಕೆ ತಡೆದಿದ್ದ ಎಡದ ಅಡ್ಡಗಾಳಿಯೂ ಬಿಟ್ಟುಕೊಳ್ಳುತ್ತದೆ. ಎರಡೂ ಸೇರಿ ಬಲಕ್ಕೆ, ಅಂದರೆ ರಸ್ತೆಯ ಹೊರ ಅಂಚಿಗೆ. ಇದಕ್ಕೆ ಕಾಯುತ್ತಲೇ ಇರಬೇಕು. ಲಾರಿಯ ಮುಂದಿನ ಚಕ್ರದ ಸಮಕ್ಕೆ ಬಂದಾಗಲೇ ಎಡಗೈಗೆ ಹೇಳಿಟ್ಟುಕೊಳ್ಳಿ. ನೂಕು ಬಂದ ತಕ್ಷಣ ಎಡ ಹಿಡಿಯನ್ನು ಮುಂದಕ್ಕೆ ಒತ್ತಿ, ಬೈಕ್ ಎಡಕ್ಕೆ ವಾಲುತ್ತದೆ, ಸಾಲು ಉಳಿಯುತ್ತದೆ. ಆಕ್ಸಿಲರೇಟರ್ ಬಿಡಬೇಡಿ. ಗಾಬರಿಯಲ್ಲಿ ಬಿಟ್ಟರೆ ವೇಗ ಬಿದ್ದು ಮತ್ತೆ ಲಾರಿಯ ಮೂತಿ ಪಕ್ಕದಲ್ಲೇ ಉಳಿಯುತ್ತೀರಿ.

ದಾಟಿದ ಮೇಲೆ ಎಡ ಕನ್ನಡಿಯಲ್ಲಿ ಲಾರಿಯ ಇಡೀ ಮುಖ ಕಂಡ ನಂತರ ನಿಧಾನಕ್ಕೆ ಒಳಗೆ ಬನ್ನಿ.

ಎಡ ಹಿಡಿಯನ್ನು ಮುಂದಕ್ಕೆ ಒತ್ತಿದರೆ ಬೈಕ್ ಬಲಕ್ಕೆ ಹೋಗುವುದಿಲ್ವಾ?

ನಡೆಯುವ ವೇಗದಲ್ಲಿ ಹೌದು. 30 ದಾಟಿದ ಮೇಲೆ ಉಲ್ಟಾ. ಎಡ ಹಿಡಿಯನ್ನು ಮುಂದಕ್ಕೆ ಒತ್ತಿದರೆ ಚಕ್ರ ಒಂದು ಕೂದಲೆಳೆ ಬಲಕ್ಕೆ ತಿರುಗುತ್ತದೆ, ಬೈಕ್ ಎಡಕ್ಕೆ ವಾಲುತ್ತದೆ, ಎಡಕ್ಕೇ ಹೋಗುತ್ತದೆ. ನೀವು ಇಷ್ಟು ವರ್ಷ ತಿಳಿಯದೆ ಇದನ್ನೇ ಮಾಡುತ್ತಿದ್ದೀರಿ. ನಂಬಿಕೆ ಬರದಿದ್ದರೆ ಗಾಳಿ ಇಲ್ಲದ ಬೆಳಗ್ಗೆ ಖಾಲಿ ರಸ್ತೆಯಲ್ಲಿ 40ರಲ್ಲಿ ಹೋಗುತ್ತಾ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಮೆಲ್ಲಗೆ, ರೀ.

ಹಾಗಾದರೆ ಹ್ಯಾಂಡಲ್ ಗಟ್ಟಿಯಾಗಿ ಹಿಡಿದಿರಬೇಕಾ?

ಬೇಡ. ಗಟ್ಟಿ ಹಿಡಿದರೆ ನಿಮ್ಮ ಎದೆಗೆ ಬಡಿದ ಗಾಳಿ ತೋಳಿನ ಮೂಲಕ ಹ್ಯಾಂಡಲ್‌ಗೆ ಹೋಗಿ ಚಕ್ರವನ್ನು ತಿರುಗಿಸುತ್ತದೆ. ಮೊಣಕೈ ಮಡಿಸಿರಲಿ, ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಎದೆ ಸ್ವಲ್ಪ ಬಗ್ಗಲಿ. ಮೈ ಸೊಂಟದಿಂದ ಕೆಳಗೆ ಬೈಕಿಗೆ ಅಂಟಿರಬೇಕು, ಮೇಲೆ ಸಡಿಲ. ಸ್ಕೂಟರ್‌ನಲ್ಲಿ ಹಿಡಿಯಲು ಟ್ಯಾಂಕ್ ಇಲ್ಲ, ಚಕ್ರವೂ ಸಣ್ಣದು. ಅದಕ್ಕೇ ಸ್ಕೂಟರಿನವರು ಇದೇ ಗಾಳಿಯಲ್ಲಿ 10 ಕಿ.ಮೀ. ಕಡಿಮೆ ವೇಗದಲ್ಲಿ ಹೋಗುವುದು ಲೇಸು.

ಲಾರಿಯೇ ನನ್ನನ್ನು ಓವರ್‌ಟೇಕ್ ಮಾಡುವಾಗ?

ಕ್ರಮ ತಿರುಗುಮುರುಗು. ಮೊದಲು ಮೂತಿಯ ನೂಕು ನಿಮ್ಮನ್ನು ಎಡಕ್ಕೆ, ಮಣ್ಣಿನ ಕಡೆಗೆ ತಳ್ಳುತ್ತದೆ. ಆಮೇಲೆ ಬಾಡಿ ಬಲಕ್ಕೆ ಎಳೆಯುತ್ತದೆ. ಕೊನೆಗೆ ಹಿಂದಿನ ಸುಳಿ. ಮೊದಲ ನೂಕಿಗೆ ಹೆದರಿ ಜೋರಾಗಿ ಬಲಕ್ಕೆ ಸರಿಪಡಿಸಿದವರು ಎಳೆತ ಬಂದಾಗ ಲಾರಿಯ ಹಿಂದಿನ ಚಕ್ರದ ಹತ್ತಿರ ಇರುತ್ತಾರೆ. ಆದ್ದರಿಂದ ಮೊದಲ ನೂಕಿಗೆ ಸ್ವಲ್ಪ ಬಗ್ಗಿ, ಅರ್ಧ ಅಡಿ ಸರಿದರೆ ಸರಿಯಲಿ.

ಅದಕ್ಕೆ ಜಾಗ ಬೇಕಲ್ಲ? ಕನ್ನಡಿಯಲ್ಲಿ ಲಾರಿ ಕಂಡಾಗಲೇ ಡಾಂಬರಿನ ಅಂಚಿನಿಂದ ಒಂದು ಮೀಟರ್ ಒಳಗೆ ಇರಿ. ಪೂರ್ತಿ ಬಿಳಿ ಗೆರೆಯ ಮೇಲೆ ಹೋಗುವುದು ಮರ್ಯಾದೆಯಂತೆ ಕಾಣುತ್ತದೆ, ಆದರೆ ನೂಕು ಬಂದಾಗ ಸರಿಯಲು ಜಾಗವೇ ಉಳಿಯುವುದಿಲ್ಲ. ಮಳೆಗಾಲದಲ್ಲಿ ಡಾಂಬರು ಮತ್ತು ಮಣ್ಣಿನ ನಡುವೆ ನಾಲ್ಕು ಬೆರಳಿನಷ್ಟು ಮೆಟ್ಟಿಲು ಬಿದ್ದಿರುತ್ತದೆ. ಒಂದು ವೇಳೆ ಕೆಳಗೆ ಇಳಿದೇಬಿಟ್ಟರೆ ತಕ್ಷಣ ಹತ್ತಲು ಹೋಗಬೇಡಿ. ಬ್ರೇಕ್ ಮುಟ್ಟದೆ ವೇಗ ಇಳಿಸಿ, ಸಮ ಇರುವ ಕಡೆ ಹತ್ತಿ.

ಎದುರಿನಿಂದ ಬಸ್ಸು ಬಂದರೆ ಧಪ್ ಅಂತ ಹೊಡೆದ ಹಾಗಾಗುತ್ತದೆ. ಏನು ಮಾಡಬೇಕು?

ಸಾಮಾನ್ಯವಾಗಿ ಏನೂ ಮಾಡಬಾರದು. ಇಬ್ಬರೂ 60ರಲ್ಲಿದ್ದರೆ 12 ಮೀಟರಿನ ಬಸ್ಸು ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ದಾಟಿಹೋಗುತ್ತದೆ. ನಿಮ್ಮ ಕೈ ಏನಾದರೂ ಮಾಡುವಷ್ಟರಲ್ಲಿ ಮುಗಿದಿರುತ್ತದೆ, ತಡವಾಗಿ ಮಾಡಿದ ತಿದ್ದುಪಡಿಯೇ ಆಮೇಲೆ ತೊಂದರೆ. ಮೊದಲೇ ಸ್ವಲ್ಪ ಎಡಕ್ಕೆ ಸರಿದು ಜಾಗ ಮಾಡಿಕೊಳ್ಳಿ, ತಲೆ ತಗ್ಗಿಸಿ, ಸಾಲು ಬಿಡಬೇಡಿ.

ಒಂದು ಸಂದರ್ಭ ಮಾತ್ರ ಬೇರೆ. ಅದೇ ಹೊನ್ನಾಳಿಯಿಂದ ವಾಪಸ್ ಬರುವಾಗ ಗಾಳಿ ನಿಮ್ಮ ಬಲಗಡೆಯಿಂದ. ನೀವು ಬಲಕ್ಕೆ, ಅಂದರೆ ಎದುರು ಬರುವ ಗಾಡಿಗಳ ಕಡೆಗೇ ವಾಲಿರುತ್ತೀರಿ. ಎದುರಿನ ಲಾರಿ ದಾಟುವಾಗ ಅದು ಗಾಳಿ ತಡೆಯುತ್ತದೆ, ಬೈಕ್ ಅದರ ಕಡೆಗೇ ತಿರುಗಲು ನೋಡುತ್ತದೆ, ಅಷ್ಟರಲ್ಲಿ ಗಾಳಿ ಮತ್ತೆ ಬಂದು ಎಡಕ್ಕೆ ಒಗೆಯುತ್ತದೆ. ಒಂದು ಲಾರಿಯಾದರೆ ಪರವಾಗಿಲ್ಲ. ಸಾಲಾಗಿ ನಾಲ್ಕೈದು ಬಂದರೆ 45ಕ್ಕೆ ಇಳಿಸಿ, ಪಥದ ಎಡ ಅರ್ಧದಲ್ಲಿ ಇರಿ. ನನ್ನ ಪ್ರಕಾರ ಹೋಗುವ ದಾರಿಗಿಂತ ಬರುವ ದಾರಿ ಕಷ್ಟ. ರಸ್ತೆ ಅದೇ, ದಿಕ್ಕು ಬೇರೆ ಅಷ್ಟೇ.

ವೇಗ ಇಳಿಸಿದರೆ ಎಲ್ಲ ಸರಿಹೋಗುತ್ತದಾ?

ಗಾಳಿಯ ನೂಕು ನೀವು ಅಂದುಕೊಂಡಷ್ಟು ಇಳಿಯುವುದಿಲ್ಲ. ಮೇಲಿನ ಲೆಕ್ಕದಲ್ಲೇ 60ರಿಂದ 40ಕ್ಕೆ ಬಂದರೆ 11 ಕೆ.ಜಿ. ನೂಕು 9ಕ್ಕೆ ಬರಬಹುದು, ಅಷ್ಟೇ. ವೇಗ ಇಳಿಸುವುದರ ಲಾಭ ಬೇರೆ: ಬ್ರೇಕ್‌ಗೆ ದೂರ ಸಿಗುತ್ತದೆ, ಎದುರು ಬರುವ ಗಾಡಿಯ ಹೊಡೆತ ಮೆದುವಾಗುತ್ತದೆ, ತಪ್ಪಿದರೆ ಪೆಟ್ಟು ಕಡಿಮೆ. ತೀರಾ 25ಕ್ಕೆ ಇಳಿಸಿದರೆ ಬೈಕಿನ ಚಕ್ರಕ್ಕೆ ತಾನೇ ನೇರ ನಿಲ್ಲುವ ಗುಣ ಕಡಿಮೆಯಾಗಿ ಮತ್ತಷ್ಟು ಅಲ್ಲಾಡುತ್ತದೆ, ಹಿಂದಿನ ಲಾರಿಗಳೆಲ್ಲ ನಿಮ್ಮನ್ನು ದಾಟಲು ಶುರು ಮಾಡುತ್ತವೆ. 45ರಿಂದ 50 ಹದವಾದ ವೇಗ. ಟಾಪ್ ಗೇರಿನಲ್ಲಿ ಎಂಜಿನ್ ಗೊಣಗುತ್ತಿದ್ದರೆ ಒಂದು ಗೇರ್ ಕಡಿಮೆ ಇಟ್ಟುಕೊಳ್ಳಿ.

ನಮ್ಮ ಕಡೆ ಎಲ್ಲೆಲ್ಲಿ ಹುಷಾರಾಗಿರಬೇಕು?

ಮರದ ಸಾಲು ಮುಗಿದು ಬಯಲು ಶುರುವಾಗುವ ಕಡೆ. ಕೆರೆ ಏರಿಯ ಮೇಲೆ ಹೋಗುವ ರಸ್ತೆ, ಯಾಕೆಂದರೆ ರಸ್ತೆ ಎತ್ತರ, ಒಂದು ಬದಿ ಪೂರ್ತಿ ನೀರು. ತುಂಗಾ, ಭದ್ರಾ ಸೇತುವೆಗಳು. ತರೀಕೆರೆಯಿಂದ ಭದ್ರಾವತಿಗೆ ಬರುವಾಗಲೂ ಮುಂಗಾರಿನ ಗಾಳಿ ಎಡ ಮಗ್ಗುಲಿಗೇ ಬೀಳುತ್ತದೆ. ಸಾಗರದ ಕಡೆ ಹೋಗುವಾಗ ಅದು ಎದುರಿನಿಂದ ಸ್ವಲ್ಪ ಎಡಕ್ಕೆ, ಅಷ್ಟು ಕಾಟ ಇಲ್ಲ, ಬೈಕ್ ಎಳೆಯುವುದಿಲ್ಲ ಅನ್ನಿಸುತ್ತದೆ ಅಷ್ಟೇ. 2025ರ ಜುಲೈನಲ್ಲಿ ತೆರೆದ ಸಿಗಂದೂರು ಸೇತುವೆ ಎರಡು ಕಿ.ಮೀ.ಗೂ ಉದ್ದ, ಶರಾವತಿ ಹಿನ್ನೀರಿನ ಮೇಲೆ ಗಾಳಿಗೆ ಯಾವ ತಡೆಯೂ ಇಲ್ಲ. ಅಲ್ಲಿ ಫೋಟೋಕ್ಕೆ ಅಂತ ಅಂಚಿಗೆ ಹೋಗಿ ನಿಧಾನ ಮಾಡುವವರ ಹಿಂದೆ ಅಂಟಿಕೊಂಡು ಹೋಗಬೇಡಿ.

ಏಪ್ರಿಲ್, ಮೇ ಸಂಜೆಯ ಗುಡುಗು ಮಳೆಗೆ ಈ ದಿಕ್ಕಿನ ಲೆಕ್ಕ ನಡೆಯುವುದಿಲ್ಲ. ಮಳೆ ಬೀಳುವ ಐದು ಹತ್ತು ನಿಮಿಷ ಮೊದಲು ಯಾವ ಕಡೆಯಿಂದಲಾದರೂ ಧೂಳಿನ ಜೊತೆ ನುಗ್ಗುತ್ತದೆ.

ರೈನ್‌ಕೋಟ್‌ನಿಂದಲೂ ವ್ಯತ್ಯಾಸ ಆಗುತ್ತದಾ?

ಬಹಳ. ಮೇಲಿನಿಂದ ಹೊದ್ದುಕೊಳ್ಳುವ ಒಂದೇ ತುಂಡಿನ ರೈನ್‌ಕೋಟ್ ಗಾಳಿ ತುಂಬಿ ಉಬ್ಬುತ್ತದೆ, ನಿಮ್ಮ ಪಕ್ಕದ ಅಗಲ ಎಷ್ಟೋ ಜಾಸ್ತಿ ಆಗುತ್ತದೆ. ಪ್ಯಾಂಟು, ಶರ್ಟು ಬೇರೆ ಬೇರೆ ಇರುವುದನ್ನೇ ಕೊಳ್ಳಿ, ಸೊಂಟ ಮತ್ತು ಮಣಿಕಟ್ಟಿನಲ್ಲಿ ಬಿಗಿಯಾಗಿರಲಿ. ಹಿಂದೆ ಕೂತವರು ಕೊಡೆ ಬಿಚ್ಚಿ ಹಿಡಿಯುವುದಂತೂ ನಮ್ಮ ಮಲೆನಾಡಿನ ಹಳೇ ಚಾಳಿ. ಪೇಟೆ ಒಳಗೆ 20ರಲ್ಲಿ ಹೇಗೋ ನಡೆಯುತ್ತದೆ. ಹೆದ್ದಾರಿಯಲ್ಲಿ ಲಾರಿ ದಾಟಿದರೆ ಕೊಡೆ ತಿರುಗಿ ಅವರನ್ನೇ ಹಿಂದಕ್ಕೆ ಎಳೆಯುತ್ತದೆ. ಬೇಡವೇ ಬೇಡ.

ಡಬಲ್ ರೈಡ್‌ನಲ್ಲಿ ತೂಕ ಜಾಸ್ತಿಯಾಗುವುದರಿಂದ ಬೈಕ್ ಗಟ್ಟಿ ನಿಂತಂತೆ ಕಾಣುತ್ತದೆ, ಆದರೆ ಮುಂದಿನ ಚಕ್ರದ ಮೇಲಿನ ಭಾರದ ಪಾಲು ಕಡಿಮೆಯಾಗುತ್ತದೆ. ಹಿಂದೆ ಕೂತವರಿಗೆ ಒಂದೇ ಮಾತು ಹೇಳಿ: ಗಾಳಿ ಬಂದಾಗ ನೀವಾಗಿ ವಾಲಬೇಡಿ.

ಮುಂದೆ ದೊಡ್ಡ ವಿಂಡ್‌ಶೀಲ್ಡ್ ಹಾಕಿಸಬಹುದಾ?

ಹ್ಯಾಂಡಲ್‌ಗೆ ಕಟ್ಟುವ ದೊಡ್ಡ ಶೀಲ್ಡ್ ಬೇಡ. ಎದುರುಗಾಳಿಗೆ ಚೆನ್ನ, ಅಡ್ಡಗಾಳಿಗೆ ಅದು ನೇರ ಹ್ಯಾಂಡಲನ್ನೇ ತಿರುಗಿಸುತ್ತದೆ.

ಯಾವ ಗಾಳಿಗೆ ನಿಲ್ಲಿಸಿಬಿಡಬೇಕು?

ಹವಾಮಾನ ಇಲಾಖೆ ಗಂಟೆಗೆ 40ರಿಂದ 50 ಕಿ.ಮೀ. ಗಾಳಿ ಎಂದರೆ, ಅದು ದೊಡ್ಡ ಕೊಂಬೆಗಳು ತೂಗಾಡುವ, ಕೊಡೆ ಹಿಡಿಯಲು ಕಷ್ಟವಾಗುವ ಗಾಳಿ. ಅದರಲ್ಲಿ ಹೋಗಲೇಬೇಕಾದರೆ ಓವರ್‌ಟೇಕ್ ಬಿಟ್ಟು ಹೋಗಿ. ಇಡೀ ಮರವೇ ತೂಗುತ್ತಿದ್ದರೆ, ಎದುರುಗಾಳಿಗೆ ನಡೆಯುವುದೇ ಕಷ್ಟವಾದರೆ 50 ದಾಟಿದೆ ಅಂತ ಅರ್ಥ, ನಿಲ್ಲಿಸಿ. ಪೆಟ್ರೋಲ್ ಬಂಕ್ ಅಥವಾ ಬಸ್ ತಂಗುದಾಣ ನೋಡಿ, ಮರದ ಕೆಳಗೆ ನಿಲ್ಲಬೇಡಿ. ಸ್ಟ್ಯಾಂಡ್ ಹಾಕುವಾಗ ಗಾಳಿ ಬೈಕನ್ನು ಸೈಡ್ ಸ್ಟ್ಯಾಂಡ್ ಕಡೆಗೇ ಒತ್ತುವಂತೆ, ಅಂದರೆ ಬಲಗಡೆಯಿಂದ ಬೀಸುವಂತೆ ನಿಲ್ಲಿಸಿ.

ಗಾಳಿ ಇಲ್ಲದಾಗಲೂ ನನ್ನ ಬೈಕ್ ಅಲ್ಲಾಡುತ್ತದೆ.

ಹಾಗಾದರೆ ಅದು ಗಾಳಿ ಅಲ್ಲ, ಬೈಕು. ಮೊದಲು ಟೈರಿನ ಗಾಳಿ ನೋಡಿ, ಎಷ್ಟಿರಬೇಕು ಅಂತ ಬೈಕಿನ ಮೇಲಿನ ಸ್ಟಿಕ್ಕರ್‌ನಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಒತ್ತಿ ಹಿಡಿದು ಮುಂದಿನ ಚಕ್ರ ಎತ್ತಲಿ. ಹ್ಯಾಂಡಲ್ ಎರಡೂ ಕಡೆ ಸಲೀಸಾಗಿ ಬೀಳಬೇಕು. ನಡುವೆ ಟಕ್ ಅಂತ ಕೂತರೆ ಕೋನ್‌ಸೆಟ್ ಸವೆದಿದೆ. ಫೋರ್ಕನ್ನು ಹಿಂದೆ ಮುಂದೆ ಎಳೆದಾಗ ಲಟಲಟ ಅಂದರೆ ಸಡಿಲವಾಗಿದೆ. ಚಕ್ರವನ್ನು ಮತ್ತೆ ಕೆಳಗೆ ಬಿಟ್ಟು ಹಿಂದಿನ ಚಕ್ರವನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಆಟ ಇದ್ದರೆ ಸ್ವಿಂಗ್ ಆರ್ಮ್ ಬುಶ್ ಅಥವಾ ಚಕ್ರದ ಬೇರಿಂಗ್ ಹೋಗಿದೆ. ಇವುಗಳಲ್ಲಿ ಹಾಳಾಗಿದ್ದನ್ನು ಮಳೆಗಾಲಕ್ಕೆ ಮೊದಲೇ ಬದಲಾಯಿಸಿಕೊಳ್ಳಿ. ಇವು ಹಾಳಾಗಿದ್ದರೆ ಅಡ್ಡಗಾಳಿಗೆ ಎಡಗೈ ಎಷ್ಟು ಒತ್ತಿದರೂ ಬೈಕ್ ಅರ್ಧ ಸೆಕೆಂಡ್ ತಡವಾಗಿಯೇ ಮಾತು ಕೇಳುತ್ತದೆ.